ಒಂದು ಆರ್ಡರು, ಮೂರು ಪಾರ್ಸೆಲು, ನಾಲ್ಕು ರಿಫಂಡು

ನವೆಂಬರ್ 14ರ ಸಂಜೆ ಮಂಡ್ಯದಿಂದ ಅಂಗಡಿಯ ಯಜಮಾನರು ಫೋನ್ ಮಾಡಿದರು. "ಸಾರ್, ಒಂದು ರಿಫಂಡು ಹೋಗ್ತಾನೇ ಇಲ್ಲ. ಮೂರು ಸಲ ಒತ್ತಿದೆ. ಪೇಮೆಂಟ್ ಗೇಟ್‌ವೇ ಏನಾದ್ರೂ ಕೆಟ್ಟಿದ್ಯಾ ನೋಡ್ತೀರಾ?"

ಗೇಟ್‌ವೇ ಕೆಟ್ಟಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನೆಟ್ಟಗೆ ಕೆಲಸ ಮಾಡಿದ್ದು ಅದೊಂದೇ ಎಂದು ಆಮೇಲೆ ಗೊತ್ತಾಯಿತು.

ನಾನು ಮೈಸೂರಿನಲ್ಲಿ ಕೂತು ಇಂಥ ಕೆಲವು ಆನ್‌ಲೈನ್ ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಈ ಅಂಗಡಿ ಬೆಲ್ಲದಿಂದ ಶುರುವಾದದ್ದು. ಆಲೆಮನೆಯಿಂದ ಬೆಲ್ಲ ತಂದು ಪೊಟ್ಟಣ ಕಟ್ಟಿ ಮಾರುತ್ತಿದ್ದವರು ನಿಧಾನಕ್ಕೆ ಅಗರಬತ್ತಿ ಸೇರಿಸಿದರು, ಆಮೇಲೆ ಮಿಕ್ಸಿ, ಕುಕ್ಕರ್. ಈಗ ಬೆಲ್ಲ ಮಂಡ್ಯದ ಗೋಡೌನಿನಲ್ಲಿದೆ, ಅಗರಬತ್ತಿ ಮೈಸೂರಿನ ಒಂದು ಬಾಡಿಗೆ ಕೋಣೆಯಲ್ಲಿದೆ, ಮಿಕ್ಸಿಗಳು ಬೆಂಗಳೂರಿನಲ್ಲಿ ಬೇರೆಯವರು ನಡೆಸುವ ಗೋಡೌನಿನಲ್ಲಿವೆ. ಮೂರೂ ಜಾಗಗಳನ್ನು ಒಂದೇ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳಗಳೆಂದು ಸೇರಿಸಿದ್ದರು. ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಮಿಕ್ಸಿ ಹೊಸೂರಿನಲ್ಲಿದ್ದಿದ್ದರೆ ತಮಿಳುನಾಡಿನ ನೋಂದಣಿಯೇ ಬೇರೆ ಬೇಕಾಗುತ್ತಿತ್ತು, ಒಂದೇ ಆರ್ಡರಿನ ಎರಡು ಪಾರ್ಸೆಲಿಗೆ ಎರಡು ಬಗೆಯ ತೆರಿಗೆ ಬೀಳುತ್ತಿತ್ತು.

ಆರ್ಡರ್ ಮಾಡಿದವರು ಮೈಸೂರಿನ ಒಬ್ಬ ಗೃಹಿಣಿ. ನವೆಂಬರ್ 7ಕ್ಕೆ ಗೃಹಪ್ರವೇಶ. ಬಂದವರಿಗೆ ತಾಂಬೂಲದ ಜೊತೆ ಕೊಡಲು ತಲಾ 105 ರೂಪಾಯಿಯ 30 ಬೆಲ್ಲದ ಪೊಟ್ಟಣ, 63 ರೂಪಾಯಿಯ 20 ಅಗರಬತ್ತಿ ಡಬ್ಬಿ, ಹೊಸ ಮನೆಗೆ 3,540 ರೂಪಾಯಿಯ ಒಂದು ಮಿಕ್ಸಿ. ಒಟ್ಟು 7,950. ಆರು ಸಾವಿರಕ್ಕೆ ಮೇಲ್ಪಟ್ಟ ಆರ್ಡರಿಗೆ 600 ರೂಪಾಯಿಯ ದೀಪಾವಳಿ ಕೂಪನ್ ಇನ್ನೂ ನಡೆಯುತ್ತಿತ್ತು, ಅದು ಕಳೆಯಿತು. ಸಾಗಣೆ ವೆಚ್ಚ 150 ಕೂಡಿತು. ಅಕ್ಟೋಬರ್ 28ರಂದು ಯುಪಿಐ ಮೂಲಕ ಸರಿಯಾಗಿ 7,500 ರೂಪಾಯಿ ಕಟ್ಟಿದರು.

ದುಡ್ಡು ಬಂದ ಕ್ಷಣವೇ ಅಂಗಡಿಯ ಸಾಫ್ಟ್‌ವೇರ್ 7,500ಕ್ಕೆ ಒಂದೇ ಇನ್ವಾಯ್ಸ್ ಹರಿಯಿತು. ಮುಂದಿನ ಗೋಜಲಿನ ಬೇರು ಇಲ್ಲಿದೆ.

ಏನೇನಾಯಿತು

29ಕ್ಕೆ ಬೆಲ್ಲ ಮಂಡ್ಯದಿಂದ ಹೊರಟಿತು, ಡಬ್ಬದೊಳಗೆ ಆ 7,500ರ ಬಿಲ್ಲು. 30ಕ್ಕೆ ಅಗರಬತ್ತಿ ಮೈಸೂರಿನ ಕೋಣೆಯಿಂದಲೇ ಹೋಯಿತು, ಅದರೊಳಗೆ ಬಿಲ್ಲಿಲ್ಲ, ಸಾಮಾನಿನ ಚೀಟಿ ಮಾತ್ರ. ಮಿಕ್ಸಿಯ ಲೇಬಲ್ ಬೆಂಗಳೂರಿನಲ್ಲಿ ಪ್ರಿಂಟ್ ಆಗಿತ್ತು, ಆದರೆ ಸ್ಟಾಕ್ ಇರಲಿಲ್ಲ. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಎಂದು ವಾರ ಕಳೆಯಿತು.

ನವೆಂಬರ್ 4ಕ್ಕೆ ಆ ತಾಯಿ ಅಂಗಡಿಗೆ ಫೋನ್ ಮಾಡಿ, "ನೋಡಿ, ಮನೆ ತುಂಬೋ ಹೊತ್ತಿಗೆ ಬರಲ್ಲ ಅಂದ್ರೆ ನಂಗೆ ಬೇಡ, ನಾವಿಲ್ಲೇ ತಗೋತೀವಿ" ಎಂದರು. ಅಂಗಡಿಯ ಹುಡುಗ ವೆಬ್‌ಸೈಟಿನಲ್ಲಿ ಮಿಕ್ಸಿಯನ್ನು ರದ್ದು ಮಾಡಿದ. ಉಳಿದ ಸಾಮಾನಿನ ಬೆಲೆ 4,410, ಅಂದರೆ ಆರು ಸಾವಿರಕ್ಕಿಂತ ಕಡಿಮೆ, ಕೂಪನ್ ಸಿಗಬಾರದಿತ್ತು ಎಂದು ಲೆಕ್ಕ ಹಾಕಿ, 3,540ರಲ್ಲಿ 600 ಹಿಡಿದುಕೊಂಡು 2,940 ವಾಪಸ್ ಹಾಕಿದ. ಮಾರನೇ ದಿನ ಅವರು ಸಿಟ್ಟಿನಿಂದ ಫೋನ್ ಮಾಡಿದಾಗ ಯಜಮಾನರು, "ತಪ್ಪಾಯ್ತಮ್ಮ, ಈಗಲೇ ಹಾಕ್ತೀನಿ" ಎಂದು ಹಿಡಿದಿದ್ದ 600ನ್ನೂ ಹಾಕಿದರು.

6ರಂದು ರಾತ್ರಿ ತಾಂಬೂಲದ ಚೀಲ ತುಂಬಲು ಕೂತಾಗ ಬೆಲ್ಲದ ಡಬ್ಬ ಬಿಚ್ಚಿದ್ದಾರೆ. 30ರಲ್ಲಿ ಆರು ಪೊಟ್ಟಣ ಒಡೆದು ನೀರೊಡೆದಿತ್ತು. ಫೋಟೋ ಬಂತು. ಈ ಸಲ ಅಂಗಡಿಯಲ್ಲಿದ್ದ ಇನ್ನೊಬ್ಬರು ಆರು ಗುಣಿಸು 105 ಎಂದು 630 ಹಾಕಿದರು. ಒಳ್ಳೆಯ ಮನಸ್ಸಿನಿಂದ, ಥಟ್ಟನೆ.

8ಕ್ಕೆ ಬೆಂಗಳೂರಿಗೆ ಮಿಕ್ಸಿ ಸ್ಟಾಕ್ ಬಂತು. ಅಲ್ಲಿನವರ ಕೈಯಲ್ಲಿ ಲೇಬಲ್ ಇತ್ತು, ಅಂಟಿಸಿ ಕಳಿಸಿದರು. ಗೃಹಪ್ರವೇಶ ಮುಗಿದು ಮೂರನೇ ದಿನಕ್ಕೆ, 10ರಂದು, ಬಾಗಿಲಿಗೆ ಮಿಕ್ಸಿ ಬಂದು ನಿಂತಿತು. ಪಾಪ, ಪ್ರಾಮಾಣಿಕ ಹೆಂಗಸು. ಬೇಡವೆಂದು ಕೊರಿಯರ್ ಹುಡುಗನ ಕೈಯಲ್ಲೇ ವಾಪಸ್ ಕಳಿಸಿದರು. ಹೀಗೆ ವಾಪಸ್ ಬರುವುದನ್ನು ಈ ವ್ಯಾಪಾರದಲ್ಲಿ ಆರ್‌ಟಿಒ ಎನ್ನುತ್ತಾರೆ. ಸಾರಿಗೆ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ, ಕಳಿಸಿದ ಜಾಗಕ್ಕೇ ಮರಳುವುದು ಎಂದಷ್ಟೇ ಅರ್ಥ. 14ಕ್ಕೆ ಅದು ಬೆಂಗಳೂರು ಗೋಡೌನ್ ಮುಟ್ಟಿತು. ಆರ್‌ಟಿಒ ಬಂದ ಕೂಡಲೇ ಗ್ರಾಹಕರಿಗೆ ದುಡ್ಡು ಹೋಗಲಿ ಎಂದು ಯಾರೋ ಯಾವಾಗಲೋ ಸಾಫ್ಟ್‌ವೇರಿನಲ್ಲಿ ಒಂದು ನಿಯಮ ಹಾಕಿಟ್ಟಿದ್ದರು. ಅದು ಎಚ್ಚೆತ್ತು ಮಿಕ್ಸಿಯ 3,540ನ್ನು ಮತ್ತೊಮ್ಮೆ ಕಳಿಸಲು ನೋಡಿತು.

ಹೋಗಲಿಲ್ಲ. ಗೇಟ್‌ವೇಯ ಲೆಕ್ಕ ಸರಳ: ಒಂದು ಪಾವತಿಯ ಮೇಲೆ ಎಷ್ಟು ಸಲ ಬೇಕಾದರೂ ಚೂರುಚೂರಾಗಿ ರಿಫಂಡ್ ಮಾಡಬಹುದು, ಆದರೆ ಎಲ್ಲ ಚೂರೂ ಸೇರಿ ಬಂದ ಮೊತ್ತವನ್ನು ಮೀರಬಾರದು. 2,940, 600, 630 ಸೇರಿ 4,170 ಆಗಲೇ ಹೋಗಿತ್ತು. ಉಳಿದದ್ದು 3,330. ಕೇಳಿದ್ದು 3,540. ಅದಕ್ಕೇ ತಡೆಯಿತು. ಗೇಟ್‌ವೇ ಇದನ್ನು ತಪ್ಪೆಂದು ಗುರುತಿಸಿತು ಎಂದುಕೊಳ್ಳಬೇಡಿ. ಅದಕ್ಕೆ ಮಿಕ್ಸಿಯೂ ಗೊತ್ತಿಲ್ಲ, ಬೆಲ್ಲವೂ ಗೊತ್ತಿಲ್ಲ. ಮಿಕ್ಸಿಯ ಬೆಲೆ ಮೂರು ಸಾವಿರವಿದ್ದಿದ್ದರೆ ಎರಡನೇ ಸಲವೂ ಸಲೀಸಾಗಿ ಹೋಗಿಬಿಡುತ್ತಿತ್ತು, ಯಜಮಾನರು ನನಗೆ ಫೋನನ್ನೂ ಮಾಡುತ್ತಿರಲಿಲ್ಲ.

ಮಿಕ್ಸಿಗೆ ಎಷ್ಟು ವಾಪಸ್ ಕೊಡಬೇಕಿತ್ತು?

ಯಜಮಾನರ ಮೊದಲ ಪ್ರಶ್ನೆ ಇದೇ. ಹುಡುಗ 2,940 ಅಂದ, ತಾವು 3,540 ಕೊಟ್ಟರು, ಯಾವುದು ಸರಿ? ಎರಡೂ ಅಲ್ಲ.

ಗ್ರಾಹಕರು 7,950ರ ಸಾಮಾನಿಗೆ ಕೊಟ್ಟದ್ದು 7,500. ಕೂಪನ್ನೂ ಸಾಗಣೆಯೂ ಇಡೀ ಆರ್ಡರಿಗೆ ಸೇರಿದ್ದು, ಯಾವುದೋ ಒಂದು ಸಾಮಾನಿಗೆ ಅಂಟಿದ್ದಲ್ಲ. ಹಾಗಾದರೆ ಅವನ್ನು ಬೆಲೆಗೆ ತಕ್ಕ ಹಾಗೆ ಹಂಚಬೇಕು. ಹಂಚಿದರೆ ಹೀಗಾಗುತ್ತದೆ:

| ಪಾರ್ಸೆಲ್ | ಬೆಲೆ | ಕೂಪನ್ ಪಾಲು | ಸಾಗಣೆ ಪಾಲು | ನಿಜಕ್ಕೂ ಕೊಟ್ಟದ್ದು |
|---|---|---|---|---|
| ಬೆಲ್ಲ | 3,150.00 | 237.74 | 59.43 | 2,971.69 |
| ಅಗರಬತ್ತಿ | 1,260.00 | 95.09 | 23.77 | 1,188.68 |
| ಮಿಕ್ಸಿ | 3,540.00 | 267.17 | 66.80 | 3,339.63 |

ಕೊನೆಯ ಕಾಲಂ ಕೂಡಿದರೆ 7,500 ಬರುತ್ತದೆ. ಮಿಕ್ಸಿಗೆ ವಾಪಸ್ ಹೋಗಬೇಕಿದ್ದದ್ದು 3,339 ರೂಪಾಯಿ 63 ಪೈಸೆ.

ತಮಾಷೆಯೆಂದರೆ ಈ ಸಂಖ್ಯೆಯನ್ನು ನಾನೇನೂ ಹೊಸದಾಗಿ ಕಂಡುಹಿಡಿಯಲಿಲ್ಲ. ಸಾಫ್ಟ್‌ವೇರ್ ಹರಿದ ಇನ್ವಾಯ್ಸಿನ ಎರಡನೇ ಪುಟದಲ್ಲಿ, ತೆರಿಗೆ ಲೆಕ್ಕದ ಕೊನೆಯ ಕಾಲಂನಲ್ಲಿ ಅದು ಮೊದಲ ದಿನದಿಂದಲೂ ಇತ್ತು. ರಿಫಂಡ್ ಹಾಕಿದ ಮೂವರಲ್ಲಿ ಒಬ್ಬರೂ ಇನ್ವಾಯ್ಸ್ ತೆಗೆದು ನೋಡಿರಲಿಲ್ಲ. ಎಲ್ಲರೂ ನೋಡಿದ್ದು ವೆಬ್‌ಸೈಟಿನಲ್ಲಿ ಸಾಮಾನಿನ ಪಕ್ಕದಲ್ಲಿದ್ದ ಬೆಲೆಯನ್ನು.

ಪೈಸೆಯ ಬಗ್ಗೆ ಒಂದು ಮಾತು. ಸಾಗಣೆಯ 150ನ್ನು ಬೆಲೆಯ ಪ್ರಕಾರ ಹಂಚಿ ಪೈಸೆಗೆ ದುಂಡಾಗಿಸಿದರೆ 59.43, 23.77, 66.79 ಬರುತ್ತದೆ, ಕೂಡಿದರೆ 149.99. ಒಂದು ಪೈಸೆ ಎಲ್ಲೋ ಬಿದ್ದುಹೋಯಿತು. ಆ ಪೈಸೆಯನ್ನು ಯಾವುದಾದರೂ ಒಂದು ಸಾಲಿಗೆ ಸೇರಿಸಲೇಬೇಕು. ಇಲ್ಲಿ ದೊಡ್ಡ ಸಾಲಾದ ಮಿಕ್ಸಿಗೆ ಸೇರಿದೆ. ಯಾವುದಕ್ಕೆ ಸೇರಿಸಿದರೂ ಅಡ್ಡಿಯಿಲ್ಲ, ಸದಾ ಒಂದೇ ನಿಯಮ ಇರಲಿ. ಇದೇ ಲೆಕ್ಕವನ್ನು ಪೊಟ್ಟಣದ ಮಟ್ಟಕ್ಕೆ ಇಳಿಸಿದರೆ ಕಷ್ಟ ಹೆಚ್ಚುತ್ತದೆ. ಬೆಲ್ಲದ ಕೂಪನ್ ಪಾಲು 237.74ನ್ನು ಮೂವತ್ತಕ್ಕೆ ಭಾಗಿಸಿ 7.92 ಎಂದು ಬರೆದಿಟ್ಟರೆ, ಮೂವತ್ತೂ ಸೇರಿ 237.60 ಆಗುತ್ತದೆ, 14 ಪೈಸೆ ಖೋತಾ. ಅದಕ್ಕೇ ಒಂದೊಂದು ಪೊಟ್ಟಣದ ಬೆಲೆ ದುಂಡಾಗಿಸಿ ಗುಣಿಸುವ ಬದಲು, ಸಾಲಿನ ಒಟ್ಟು ಮೊತ್ತದಿಂದ ಭಾಗ ತೆಗೆಯುವುದು ಒಳ್ಳೆಯದು. ಹಾಳಾದ ಆರು ಪೊಟ್ಟಣ ಅಂದರೆ ಮೂವತ್ತರಲ್ಲಿ ಐದನೇ ಒಂದು ಭಾಗ. 2,971.69ರಲ್ಲಿ ಐದನೇ ಒಂದು 594.34. ಕೊಟ್ಟದ್ದು 630.

ಇನ್ನು ಹುಡುಗನ ವಾದ. ಅದು ಪೂರ್ತಿ ಹುಚ್ಚು ವಾದವಲ್ಲ, ಯಜಮಾನರು ಅವನನ್ನು ಬೈದದ್ದು ನನಗೆ ಸರಿಯೆನಿಸಲಿಲ್ಲ. ಗ್ರಾಹಕರೇ ಮನಸ್ಸು ಬದಲಿಸಿ, ಕೂಪನ್ ಗಿಟ್ಟಿಸಿಕೊಳ್ಳಲೆಂದೇ ಮಿಕ್ಸಿ ಸೇರಿಸಿ ಆಮೇಲೆ ರದ್ದು ಮಾಡಿದ್ದರೆ, ಮತ್ತು ಹಾಗೆ ಮಾಡಿದರೆ ಕೂಪನ್ ಹೋಗುತ್ತದೆ ಎಂದು ವೆಬ್‌ಸೈಟ್ ಮೊದಲೇ ಹೇಳಿದ್ದರೆ, 600 ಹಿಡಿಯುವುದಕ್ಕೆ ಒಂದು ನೆಲೆಯಿರುತ್ತಿತ್ತು. ಇಲ್ಲಿ ಎರಡೂ ಇಲ್ಲ. ಕಳಿಸಲು ಆಗದೇ ಹೋದದ್ದು ಅಂಗಡಿಗೆ. 1930ರ ಸರಕು ಮಾರಾಟ ಕಾಯ್ದೆಯ 38ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ಬೇರೆ ಒಪ್ಪಂದ ಇಲ್ಲದಿದ್ದರೆ ಕೊಳ್ಳುವವರು ಸರಕನ್ನು ಕಂತುಕಂತಾಗಿ ತೆಗೆದುಕೊಳ್ಳಬೇಕೆಂದೇನೂ ಇಲ್ಲ. ಅಂದರೆ ಒಂದು ಆರ್ಡರನ್ನು ಮೂರು ಪಾರ್ಸೆಲ್ ಮಾಡಿದ್ದೇ ಅಂಗಡಿಯ ಅನುಕೂಲಕ್ಕೆ. ಆ ಅನುಕೂಲದ ಖರ್ಚನ್ನು ಗ್ರಾಹಕರ ತಲೆಗೆ ಕಟ್ಟುವುದು ಹೇಗೆ? ಒಂದು ಆರ್ಡರು ಬೇರೆಬೇರೆ ಪಾರ್ಸೆಲುಗಳಾಗಿ ಬರಬಹುದು ಎಂಬ ಒಂದು ಸಾಲನ್ನು ದುಡ್ಡು ಕಟ್ಟುವ ಪುಟದಲ್ಲಿ ಹಾಕಿ ಎಂದು ನಾನು ಹೇಳಿದ್ದು ಇದೇ ಕಾರಣಕ್ಕೆ.

ಇನ್ವಾಯ್ಸ್ ಯಾವಾಗ ಹುಟ್ಟಬೇಕು?

"ದುಡ್ಡು ಬಂದ ಮೇಲೆ ಬಿಲ್ ಕೊಡಬೇಕಲ್ವಾ ಸಾರ್? ಅಂಗಡೀಲಿ ಹಂಗೇ ತಾನೆ?" ಎಂದರು ಯಜಮಾನರು. ಅಂಗಡಿಯಲ್ಲಿ ದುಡ್ಡೂ ಸರಕೂ ಒಂದೇ ಗಳಿಗೆಯಲ್ಲಿ ಕೈ ಬದಲಾಗುವುದರಿಂದ ಹಾಗೆ ಕಾಣುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 31ನೇ ಕಲಂ ಸರಕಿನ ಇನ್ವಾಯ್ಸಿಗೆ ದುಡ್ಡು ಬಂದ ದಿನವನ್ನು ಹಿಡಿಯುವುದಿಲ್ಲ. ಸರಕು ಸಾಗಬೇಕಾದ ವ್ಯಾಪಾರದಲ್ಲಿ ಸರಕು ಹೊರಡುವಾಗ, ಅಥವಾ ಅದಕ್ಕೆ ಮೊದಲು, ತೆರಿಗೆ ಇನ್ವಾಯ್ಸ್ ಆಗಬೇಕು ಎನ್ನುತ್ತದೆ.

"ಅದಕ್ಕೆ ಮೊದಲು" ಎಂಬ ಮಾತಿನಿಂದಾಗಿ ಮೊದಲ ದಿನವೇ ಹರಿದ ಇನ್ವಾಯ್ಸ್ ಕಾನೂನಿಗೆ ವಿರುದ್ಧವೇನಲ್ಲ. ತೊಂದರೆ ಬೇರೆ ಕಡೆಯಿದೆ. ಅಕ್ಟೋಬರ್ 28ರ ಇನ್ವಾಯ್ಸ್ ಅಕ್ಟೋಬರ್ ತಿಂಗಳ ಲೆಕ್ಕಕ್ಕೆ ಹೋಗುತ್ತದೆ. ಮಿಕ್ಸಿ ಆಗಿನ್ನೂ ಗೋಡೌನಿಗೇ ಬಂದಿಲ್ಲ, ಆದರೆ ಅದರ 18% ತೆರಿಗೆ, ಅಂದರೆ 3,339.63ರೊಳಗಿನ 509.44, ಅಕ್ಟೋಬರಿನ ತೆರಿಗೆಯಾಗಿ ನವೆಂಬರ್ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಮಾರಾಟ ಮುರಿದದ್ದು ನವೆಂಬರಿನಲ್ಲಿ, ಹಾಗಾಗಿ ಅದನ್ನು ಇಳಿಸಿಕೊಳ್ಳುವುದು ನವೆಂಬರ್ ಲೆಕ್ಕದಲ್ಲಿ, ಡಿಸೆಂಬರಿಗೆ. ಒಂದು ಮಿಕ್ಸಿಗೆ ಐನೂರು ರೂಪಾಯಿ ಒಂದು ತಿಂಗಳು ಸಿಕ್ಕಿಕೊಂಡರೆ ಏನೂ ಆಗದು. ಅದೇ ದೀಪಾವಳಿಯ ವಾರ ಇವರ ಬಳಿ ಹೀಗೆ ಅರ್ಧಕ್ಕೆ ನಿಂತ ಆರ್ಡರುಗಳು ಇನ್ನೂ ಹಲವಿದ್ದವು.

ಪಾರ್ಸೆಲ್ ಹೊರಡುವಾಗ ಅದಕ್ಕೊಂದು ಇನ್ವಾಯ್ಸ್ ಎಂದು ಇಟ್ಟುಕೊಂಡಿದ್ದರೆ? 29ಕ್ಕೆ ಬೆಲ್ಲಕ್ಕೆ 2,971.69ರದ್ದು, 30ಕ್ಕೆ ಅಗರಬತ್ತಿಗೆ 1,188.68ರದ್ದು. ಮಿಕ್ಸಿಯ ಇನ್ವಾಯ್ಸ್ ಹುಟ್ಟುತ್ತಲೇ ಇರಲಿಲ್ಲ. ಅದರ 3,339.63 ಅಂಗಡಿಯ ಕೈಯಲ್ಲಿ ಬರೀ ಮುಂಗಡವಾಗಿ ಇರುತ್ತಿತ್ತು. ಸರಕಿಗಾಗಿ ಪಡೆದ ಮುಂಗಡದ ಮೇಲೆ ಆಗಲೇ ತೆರಿಗೆ ಕಟ್ಟಬೇಕಿಲ್ಲ ಎಂದು 2017ರ ನವೆಂಬರ್ 15ರ ಅಧಿಸೂಚನೆಯೇ ಹೇಳಿದೆ (ಸೇವೆಗಳಿಗೆ ಈ ರಿಯಾಯಿತಿ ಇಲ್ಲ). ರದ್ದಾದರೆ ಮುಂಗಡ ವಾಪಸ್, ತೆರಿಗೆಯ ಪುಸ್ತಕದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ.

ರಿಫಂಡಿನ ಇಡೀ ವಿಷಯ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಆ ಸಾಮಾನಿಗೆ ಇನ್ವಾಯ್ಸ್ ಆಗಿದೆಯೇ, ಇಲ್ಲವೇ? ಆಗಿಲ್ಲದಿದ್ದರೆ ದುಡ್ಡು ವಾಪಸ್ ಹಾಕುವಾಗ ಮಾರಾಟದ ಲೆಕ್ಕವನ್ನು ಮುಟ್ಟಬೇಕಿಲ್ಲ. ಆಗಿದ್ದರೆ ದುಡ್ಡಿನ ಜೊತೆಗೆ ಅದೇ ಕಾಯ್ದೆಯ 34ನೇ ಕಲಂ ಪ್ರಕಾರ, ಇನ್ವಾಯ್ಸಿನ ಮೊತ್ತವನ್ನು ಅಷ್ಟು ಇಳಿಸುವ ದಾಖಲೆಯಾದ ಕ್ರೆಡಿಟ್ ನೋಟ್ ಬೇಕು, ಇಲ್ಲದಿದ್ದರೆ ಮಾರಾಟವೂ ಅದರ ತೆರಿಗೆಯೂ ಪುಸ್ತಕದಲ್ಲಿ ಹಾಗೇ ನಿಂತಿರುತ್ತವೆ. ಮಂಡ್ಯದ ಅಂಗಡಿಯಲ್ಲಿ ಮೂರು ರಿಫಂಡ್ ಹೋಗಿದ್ದವು, ಕ್ರೆಡಿಟ್ ನೋಟ್ ಒಂದೂ ಇರಲಿಲ್ಲ. ಬ್ಯಾಂಕಿನ ಪ್ರಕಾರ 4,170 ವಾಪಸ್ ಹೋಗಿದೆ, ಮಾರಾಟದ ಪುಸ್ತಕದ ಪ್ರಕಾರ 7,500ರ ಸಾಮಾನೂ ಮಾರಿಹೋಗಿದೆ.

ಯಜಮಾನರಿಗೆ ಯಾರೋ ಇನ್ನೊಂದು ದಾರಿಯನ್ನೂ ಹೇಳಿಕೊಟ್ಟಿದ್ದರು: ಒಂದೇ ಇನ್ವಾಯ್ಸ್ ಇಟ್ಟುಕೊಂಡು ಉಳಿದ ಪಾರ್ಸೆಲುಗಳಿಗೆ ಡೆಲಿವರಿ ಚಲನ್ ಹಾಕುವುದು. ಜಿಎಸ್‌ಟಿ ನಿಯಮ 55ರ 5ನೇ ಉಪನಿಯಮದಲ್ಲಿ ಅದು ಇದೆ. ಬಿಡಿಭಾಗಗಳಾಗಿ ಅಥವಾ ಕಂತುಗಳಲ್ಲಿ ಸಾಗುವ ಸರಕಿಗೆ ಮೊದಲ ಕಂತಿಗೆ ಮುಂಚೆ ಪೂರ್ತಿ ಇನ್ವಾಯ್ಸ್, ಆಮೇಲಿನ ಪ್ರತಿ ಕಂತಿಗೂ ಚಲನ್ ಮತ್ತು ಇನ್ವಾಯ್ಸಿನ ದೃಢೀಕೃತ ಪ್ರತಿ, ಕೊನೆಯ ಕಂತಿನ ಜೊತೆ ಮೂಲ ಇನ್ವಾಯ್ಸ್. ಆಲೆಮನೆಗೆ ಒಂದು ಗಾಣದ ಯಂತ್ರ ಮೂರು ಲಾರಿಯಲ್ಲಿ ಬರುತ್ತದೆ ಎಂದಿಟ್ಟುಕೊಳ್ಳಿ, ಅದಕ್ಕೆ ಇದು ಹೇಳಿ ಮಾಡಿಸಿದ ದಾರಿ, ಏಕೆಂದರೆ ಮೂರನೇ ಲಾರಿ ಬರದಿದ್ದರೆ ಮೊದಲೆರಡು ಕಬ್ಬಿಣದ ರಾಶಿ ಅಷ್ಟೆ. ಆ ಯಂತ್ರ ಕೊಂಡವರು ನೋಂದಾಯಿತ ವ್ಯಾಪಾರಿಯಾಗಿದ್ದರೆ ಅವರಿಗೂ ತೆರಿಗೆಯ ಕ್ರೆಡಿಟ್ ಸಿಗುವುದು ಕೊನೆಯ ಕಂತು ಕೈಸೇರಿದ ಮೇಲೇ. ಬೆಲ್ಲ, ಅಗರಬತ್ತಿ, ಮಿಕ್ಸಿ ಹಾಗಲ್ಲ. ಒಂದು ಬರದಿದ್ದರೂ ಇನ್ನೊಂದು ಬಳಕೆಗೆ ಬರುತ್ತದೆ, ಯಾವುದು ಯಾವಾಗ ರದ್ದಾಗುತ್ತದೋ ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ ಮನೆಬಳಕೆಯ ಸಾಮಾನಿನ ಅಂಗಡಿ ಈ ದಾರಿಗೆ ಹೋಗಬಾರದು.

ತೆರಿಗೆ ದರ ಬೇರೆಬೇರೆ ಇರುವಾಗ ಪಾಲು ಹಂಚುವುದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಲೇಬಲ್ ಹಚ್ಚಿದ ಬೆಲ್ಲದ ಪೊಟ್ಟಣಕ್ಕೂ ಅಗರಬತ್ತಿಗೂ 5%, ಮಿಕ್ಸಿಗೆ 18%. (ಅದೇ ಬೆಲ್ಲದ ಅಚ್ಚನ್ನು ಸಂತೆಯಲ್ಲಿ ತೂಗಿ ಕೊಟ್ಟರೆ ತೆರಿಗೆಯೇ ಇಲ್ಲ.) 600ರ ಕೂಪನ್ನನ್ನು ಪೂರ್ತಿ ಮಿಕ್ಸಿಯ ಸಾಲಿಗೆ ಹೇರಿದರೆ ಹೆಚ್ಚು ದರದ ಸಾಮಾನಿನ ಬೆಲೆ ಇಳಿದು ತೆರಿಗೆ ಕಡಿಮೆಯಾಗುತ್ತದೆ, ಬೆಲ್ಲದ ಮೇಲೆ ಹೇರಿದರೆ ಹೆಚ್ಚು ಕಟ್ಟಿದಂತಾಗುತ್ತದೆ. ಸಾಗಣೆ ವೆಚ್ಚವೂ ಹಾಗೆಯೇ, ಯಾವ ಸಾಮಾನಿನ ಜೊತೆ ಹೋಯಿತೋ ಅದರ ದರವನ್ನೇ ಹಿಂಬಾಲಿಸುತ್ತದೆ.

ಸರಿಮಾಡಿದ್ದು

ಅಕ್ಟೋಬರಿನ ಇನ್ವಾಯ್ಸನ್ನು ಅಳಿಸಿ ಮೂರು ಹೊಸದು ಬರೆಯೋಣವೇ ಎಂದು ಯಜಮಾನರು ಕೇಳಿದರು. ಬೇಡ ಎಂದೆ. ಅದರ ಮೇಲೆ ಎರಡು ಪಾರ್ಸೆಲ್ ನಿಜಕ್ಕೂ ಹೋಗಿವೆ, ಒಂದು ಪ್ರತಿ ಗ್ರಾಹಕರ ಮನೆಯಲ್ಲಿದೆ, ಅಕ್ಟೋಬರ್ ಲೆಕ್ಕವೂ ಸಲ್ಲಿಕೆಯಾಗಿದೆ. ನವೆಂಬರ್ 15ರಂದು ಎರಡು ಕ್ರೆಡಿಟ್ ನೋಟ್ ಬರೆದೆವು. ಒಂದು ಮಿಕ್ಸಿ ವಾಪಸ್ ಬಂದದ್ದಕ್ಕೆ, 3,339.63. ಇನ್ನೊಂದು ಹಾಳಾದ ಆರು ಪೊಟ್ಟಣಕ್ಕೆ, 594.34. ಎರಡರಲ್ಲೂ ಮೂಲ ಇನ್ವಾಯ್ಸಿನ ಸಂಖ್ಯೆ, ದಿನಾಂಕ. ನೋಂದಣಿ ಇಲ್ಲದ ಮನೆಯ ಗ್ರಾಹಕರಾದ್ದರಿಂದ ರಾಜ್ಯದೊಳಗಿನ ಈ ಮೊತ್ತಗಳು ನವೆಂಬರಿನ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ದರವಾರು ಒಟ್ಟು ಮಾರಾಟದಿಂದ ಕಳೆದುಹೋದವು.

ಎರಡೂ ಸೇರಿ 3,933.97. ಹೋದದ್ದು 4,170. ಹೆಚ್ಚಿಗೆ ಹೋದ 236 ರೂಪಾಯಿ 3 ಪೈಸೆಯನ್ನು ಗೃಹಪ್ರವೇಶದ ಮುಯ್ಯಿ ಅಂದುಕೊಳ್ತೀನಿ ಬಿಡಿ ಸಾರ್ ಎಂದರು ಯಜಮಾನರು. ಅಂದುಕೊಳ್ಳಲಿ, ಆದರೆ ಕ್ರೆಡಿಟ್ ನೋಟಿಗೆ ಸೇರಿಸುವಂತಿಲ್ಲ ಎಂದು ಹೇಳಬೇಕಾಯಿತು. ಅದು ಸರಕಿನ ಬೆಲೆ ಇಳಿದದ್ದಲ್ಲ, ಕೈತಪ್ಪಿ ಹೋದ ದುಡ್ಡು. ಅಂಗಡಿಯ ಖರ್ಚಿಗೆ ಬರೆದೆವು, ಅದರ ಮೇಲೆ ತೆರಿಗೆ ಇಳಿಸಿಕೊಳ್ಳಲಿಲ್ಲ.

ಇಂಥದ್ದು ಮತ್ತೆಲ್ಲಿ ಅವಿತಿದೆ ಎಂದು ಪತ್ತೆ ಹಚ್ಚಲು ನಾನು ಬಳಸಿದ್ದು ಒಂದೇ ಸಮೀಕರಣ. ಪ್ರತಿ ಆರ್ಡರಿಗೂ:

ಬಂದ ದುಡ್ಡು − ರಿಫಂಡ್ = ಇನ್ವಾಯ್ಸ್ − ಕ್ರೆಡಿಟ್ ನೋಟ್ + ಇನ್ನೂ ಇನ್ವಾಯ್ಸ್ ಆಗದ ಸಾಮಾನು

ಈ ಆರ್ಡರನ್ನೇ ಸರಿಯಾಗಿ ನಡೆಸಿದ್ದರೆ ಅಕ್ಟೋಬರ್ 31ರಂದು ಎಡಗಡೆ 7,500, ಬಲಗಡೆ ಎರಡು ಇನ್ವಾಯ್ಸ್ ಸೇರಿ 4,160.37 ಮತ್ತು ಇನ್ನೂ ಇನ್ವಾಯ್ಸ್ ಆಗದ ಮಿಕ್ಸಿ 3,339.63. ಕೊನೆಗೆ ಎಡಗಡೆ 3,566.03, ಬಲಗಡೆ 4,160.37ರಲ್ಲಿ 594.34 ಕಳೆದು ಅದೇ 3,566.03. ನಿಜವಾಗಿ ನವೆಂಬರ್ 14ರಂದು ಎಡಗಡೆ ಇದ್ದದ್ದು 3,330, ಬಲಗಡೆ 7,500. ಹಿಂದಿನ ಎರಡು ತಿಂಗಳ ಆರ್ಡರುಗಳಿಗೆ ಇದನ್ನು ಓಡಿಸಿ, ಎರಡು ಪಕ್ಕ ಕೂಡದವನ್ನು ಮಾತ್ರ ತೆಗೆದು ನೋಡಿದೆವು. ಎಡಗಡೆ ಕಡಿಮೆ ಬಂದ ಕಡೆಯೆಲ್ಲ ಕ್ರೆಡಿಟ್ ನೋಟ್ ಮರೆತಿದ್ದರು, ಇಲ್ಲವೇ ಹೆಚ್ಚು ರಿಫಂಡ್ ಮಾಡಿದ್ದರು. ಎಡಗಡೆ ಹೆಚ್ಚು ಬಂದದ್ದೂ ಕೆಲವಿದ್ದವು. ಸಾಮಾನು ವಾಪಸ್ ಬಂದು, ಕ್ರೆಡಿಟ್ ನೋಟೂ ಆಗಿ, ಗ್ರಾಹಕರಿಗೆ ದುಡ್ಡು ಮಾತ್ರ ಹೋಗಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಅವನ್ನು ಮೊದಲು ತೀರಿಸಿ ಎಂದೆ.

ಕೆಲಸದ ಕ್ರಮದಲ್ಲಿ ಬದಲಾದದ್ದರಲ್ಲಿ ಮುಖ್ಯವಾದದ್ದು ರದ್ದತಿಯ ಸರದಿ. ಮೊದಲು ವೆಬ್‌ಸೈಟಿನಲ್ಲಿ ರದ್ದು, ದುಡ್ಡು ವಾಪಸ್, ಗೋಡೌನಿಗೆ ಹೇಳುವುದು ನೆನಪಾದರೆ. ಈಗ ಆ ಪಾರ್ಸೆಲಿನ ಲೇಬಲ್ ರದ್ದಾಗಿದೆ ಎಂದು ಗೋಡೌನಿನಿಂದ ಉತ್ತರ ಬರುವವರೆಗೆ ರಿಫಂಡಿನ ಬಟನ್ ತೆರೆಯುವುದಿಲ್ಲ. ಪಾರ್ಸೆಲ್ ಆಗಲೇ ಹೊರಟಿದ್ದರೆ ಅದು ರದ್ದತಿಯಲ್ಲ, ವಾಪಸಾತಿ. ಅದರ ದಾರಿಯೇ ಬೇರೆ, ಇನ್ವಾಯ್ಸ್ ಆಗಿದೆ, ಕ್ರೆಡಿಟ್ ನೋಟ್ ಬೇಕು. ಆರ್‌ಟಿಒಗೆ ತಾನಾಗಿ ದುಡ್ಡು ಹೋಗುವ ನಿಯಮವನ್ನು ಕಿತ್ತುಹಾಕಿದೆವು. ರಿಫಂಡ್ ಮೊತ್ತವನ್ನು ಕೈಯಿಂದ ಬರೆಯುವ ಜಾಗವನ್ನೂ ತೆಗೆಸಿದೆವು. ಸಾಲು ಆರಿಸಿ, ಎಷ್ಟು ನಗ ಎಂದು ಹೇಳಿದರೆ ಇನ್ವಾಯ್ಸಿನಿಂದ ಮೊತ್ತ ತಾನೇ ಬರುತ್ತದೆ.

ಇನ್ವಾಯ್ಸ್ ಸಂಖ್ಯೆಯ ಬಗ್ಗೆ ಸಣ್ಣ ಜಗಳವಾಯಿತು. ಆರ್ಡರ್ ಸಂಖ್ಯೆಗೇ 1/3, 2/3 ಎಂದು ಬಾಲ ಹಚ್ಚೋಣ ಎಂದು ಯಜಮಾನರ ಆಸೆ. ಇನ್ವಾಯ್ಸ್ ಸಂಖ್ಯೆ ಹದಿನಾರು ಅಕ್ಷರ ಮೀರಬಾರದು, ಅನುಕ್ರಮವಾಗಿರಬೇಕು. 3/3 ಹುಟ್ಟದೇ ಹೋದರೆ ಅದೆಲ್ಲಿ ಹೋಯಿತು ಎಂದು ಮುಂದೊಂದು ದಿನ ಯಾರಾದರೂ ಕೇಳುತ್ತಾರೆ. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಹಾಗಾಗಿ ಗೋಡೌನಿಗೊಂದು ಸರಣಿ: `MDY/25-26/0412`, `MYS/25-26/0097`, ಹೀಗೆ. ಪಾರ್ಸೆಲ್ ಹೊರಟಾಗ ಮಾತ್ರ ಮುಂದಿನ ಸಂಖ್ಯೆ ಹುಟ್ಟುತ್ತದೆ.

ಮನೆಬಾಗಿಲಲ್ಲಿ ನಗದು ಕೊಡುವ ಆರ್ಡರುಗಳಿಗೂ ಇದರಿಂದ ಒಂದು ದಾರಿ ಸಿಕ್ಕಿತು. ಮೊದಲು ಯಾವ ಪಾರ್ಸೆಲ್ ಮುಂಚೆ ಹೋಗುತ್ತಿತ್ತೋ ಅದರ ಮೇಲೆಯೇ ಪೂರ್ತಿ ಮೊತ್ತ ವಸೂಲಿಗೆ ಬೀಳುತ್ತಿತ್ತು. ಈಗ ಆಯಾ ಪಾರ್ಸೆಲಿನ ಇನ್ವಾಯ್ಸಿನಷ್ಟೇ ಕೊರಿಯರ್ ಹುಡುಗ ಕೇಳುತ್ತಾನೆ. ಬರದ ಸಾಮಾನಿಗೆ ದುಡ್ಡೇ ತೆಗೆದುಕೊಂಡಿಲ್ಲವಾದ್ದರಿಂದ ಆಮೇಲೆ ಬ್ಯಾಂಕ್ ಖಾತೆ ಕೇಳಿ ವಾಪಸ್ ಹಾಕುವ ರಗಳೆಯೂ ಇಲ್ಲ.

ಸಂಕ್ರಾಂತಿಗೆ ಮುಂಚೆ ಅದೇ ಗ್ರಾಹಕರು ಮತ್ತೆ ಆರ್ಡರ್ ಮಾಡಿದರು, ಎಳ್ಳು ಬೀರಲು ಬೆಲ್ಲ, ಜೊತೆಗೆ ಅಗರಬತ್ತಿ. ಎರಡು ಪಾರ್ಸೆಲ್, ಎರಡು ಇನ್ವಾಯ್ಸ್, ಎಲ್ಲ ಅಚ್ಚುಕಟ್ಟು. ಎರಡನೆಯದು ಮುಟ್ಟಿದ ಸಂಜೆ ಅಂಗಡಿಗೆ ಫೋನ್ ಬಂತು: "ಏನ್ರೀ, ಎರಡು ಬಿಲ್ ಬಂದಿದೆ. ಎರಡೆರಡು ಸಲ ದುಡ್ಡು ಕಟ್ ಆಯ್ತಾ ಹೆಂಗೆ?"

ಆ ವಾರವೇ ಬಿಲ್ಲಿನ ಕೆಳಗೆ ಒಂದು ಸಾಲು ಸೇರಿಸಿದೆವು. ಆರ್ಡರ್ ಸಂಖ್ಯೆ, ಒಟ್ಟು ಪಾರ್ಸೆಲ್ ಎಷ್ಟು, ಇದು ಎಷ್ಟನೆಯದು, ನೀವು ಒಟ್ಟು ಕಟ್ಟಿದ್ದು ಇಷ್ಟು, ಅದರಲ್ಲಿ ಈ ಬಿಲ್ಲಿನದು ಇಷ್ಟು, ಇನ್ನು ಬರಬೇಕಾದ ಸಾಮಾನಿನದು ಇಷ್ಟು.